ಒಡ್ಡಿನ ಮೇಲೆ ಹುಲ್ಲು ಹುಟ್ಟದ ಮಣ್ಣು

ಪ್ರಶ್ನೆ: ಅಘನಾಶಿನಿ ದಂಡೆಯಲ್ಲಿ ನಮ್ಮದೊಂದು ಗಜನಿ ಇದೆ. ಅಜ್ಜನ ಕಾಲದಿಂದ ಮಳೆಗಾಲಕ್ಕೆ ಕಗ್ಗ ಬೆಳೆಯುತ್ತಿದ್ದೆವು, ಕೊಯ್ಲಾದ ಮೇಲೆ ಉಪ್ಪುನೀರು ಬಿಟ್ಟು ಸೀಗಡಿ ಹಿಡಿಯುತ್ತಿದ್ದೆವು. ಎರಡು ವರ್ಷದ ಹಿಂದೆ ಹತ್ತು ಗುಂಟೆಯಲ್ಲಿ ಹೊಂಡ ಮಾಡೋಣವೆಂದು ಅಂಚಿನ ಸುತ್ತ ಐದಡಿ ಆಳ ಜೆಸಿಬಿಯಿಂದ ತೋಡಿಸಿ, ಬಂದ ಮಣ್ಣಿನಿಂದಲೇ ಒಡ್ಡು ಕಟ್ಟಿಸಿದೆ. ಆ ಒಡ್ಡಿನ ಮೇಲೆ ಇವತ್ತಿಗೂ ಹುಲ್ಲು ಹುಟ್ಟಿಲ್ಲ. ಬಿರುಕುಗಳಲ್ಲಿ ಅರಿಶಿನ ಮೆತ್ತಿದ ಹಾಗೆ ಹಳದಿ. ಎರಡೂ ವರ್ಷ ಜೂನ್ ತಿಂಗಳ ಮೊದಲ ಮಳೆ ಬಿದ್ದ ಎರಡು ದಿನಕ್ಕೆ ಹೊಂಡದ ಮೀನು ಸತ್ತು ತೇಲಿತು. ನೀರು ಮಾತ್ರ ಕನ್ನಡಿಯಂತೆ ತಿಳಿಯಾಗಿತ್ತು. ಉಪ್ಪು ಜಾಸ್ತಿಯಾಗಿದೆ, ಜಿಪ್ಸಂ ಹಾಕಿ ಎಂದರು. ಹಾಕಿದೆ, ಏನೂ ಆಗಲಿಲ್ಲ. ಮಣ್ಣು ಪರೀಕ್ಷೆಯ ಕಾರ್ಡಿನಲ್ಲಿ ಎಲ್ಲ ಸರಿಯಿದೆ. ಪಕ್ಕದಲ್ಲೇ ಇನ್ನೊಂದು ಹೊಂಡ ತೋಡಿಸುವ ಯೋಚನೆಯಿದೆ. ನಮ್ಮ ಮಣ್ಣಿಗೆ ಏನಾಗಿದೆ?
(ಓದುಗರೊಬ್ಬರು, ಕುಮಟಾ ತಾಲ್ಲೂಕು)

ಉತ್ತರ: ನಿಮ್ಮ ಮಣ್ಣಿಗೆ ಗಾಳಿ ತಾಗಿದೆ. ಇಷ್ಟೇ ಕಾಯಿಲೆ. ಆದರೆ ಅದರ ಹಿಂದಿನ ಕತೆ ಸ್ವಲ್ಪ ಉದ್ದ.

ನೀವು ಬರೆದ ಲಕ್ಷಣಗಳೆಲ್ಲ ಒಂದೇ ಕಡೆ ಬೊಟ್ಟು ಮಾಡುತ್ತಿವೆ. ಇದು ಉಪ್ಪಿನ ತೊಂದರೆಯಲ್ಲ, ಹುಳಿಯ ತೊಂದರೆ. ಮಣ್ಣು ವಿಜ್ಞಾನದಲ್ಲಿ ಇಂಥದಕ್ಕೆ ಆಮ್ಲ ಸಲ್ಫೇಟ್ ಮಣ್ಣು ಎಂದು ಹೆಸರು. ಕರಾವಳಿಯ ಗಜನಿಗಳೆಲ್ಲ ಹೀಗಿರುತ್ತವೆ ಎಂದಲ್ಲ. ಒಂದೇ ಗಜನಿಯ ಒಂದು ಮೂಲೆಯಲ್ಲಿ ಇದ್ದು ಇನ್ನೊಂದು ಮೂಲೆಯಲ್ಲಿ ಇಲ್ಲದಿರಬಹುದು. ಎಲ್ಲಿ ಹಿಂದೆ ಕಾಂಡ್ಲಾ ಕಾಡು ಬೆಳೆದು ಕೊಳೆತು ಹೂಳಾಗಿತ್ತೋ ಅಲ್ಲಿ ಸಾಧ್ಯತೆ ಹೆಚ್ಚು.

ಸಮುದ್ರದ ನೀರಿನಲ್ಲಿ ಉಪ್ಪಿನ ಜೊತೆ ಸಲ್ಫೇಟ್ ಧಾರಾಳವಾಗಿರುತ್ತದೆ. ನದಿ ತರುವ ಜೇಡಿಯಲ್ಲಿ ಕಬ್ಬಿಣವಿರುತ್ತದೆ. ಕಾಂಡ್ಲಾ ಗಿಡದ ಬೇರು, ಎಲೆ ಕೊಳೆಯುವ ಕೆಸರಿನಲ್ಲಿ ಗಾಳಿಯಿಲ್ಲದೆ ಬದುಕುವ ಬ್ಯಾಕ್ಟೀರಿಯಾಗಳು ಈ ಸಲ್ಫೇಟನ್ನು ಸಲ್ಫೈಡ್ ಮಾಡುತ್ತವೆ. ಕಾಂಡ್ಲಾ ಕೆಸರು ತುಳಿದಾಗ ಕೊಳೆತ ಮೊಟ್ಟೆಯ ವಾಸನೆ ಬರುತ್ತದಲ್ಲ, ಅದು ಇದೇ ಅಡುಗೆಯ ವಾಸನೆ. ಆ ಸಲ್ಫೈಡ್ ಕಬ್ಬಿಣದ ಜೊತೆ ಸೇರಿ ಪೈರೈಟ್ ಎಂಬ ಖನಿಜವಾಗಿ ಕೆಸರಿನೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಹರಳುಗಳಾಗಿ ಕೂರುತ್ತದೆ. ಇದು ಸಾವಿರಾರು ವರ್ಷ ನಡೆದ ಕೆಲಸ. ನೀರಿನಡಿ ಇರುವ ತನಕ ಪೈರೈಟ್ ಯಾರಿಗೂ ತೊಂದರೆ ಕೊಡುವುದಿಲ್ಲ. ಅಂಥ ಕೆಸರಿನ ಪಿಎಚ್ ಅಳೆದರೆ 7ರ ಆಸುಪಾಸು ಬರುತ್ತದೆ, ಅಂದರೆ ಹುಳಿಯೂ ಅಲ್ಲ, ಕ್ಷಾರವೂ ಅಲ್ಲ.

ಅದನ್ನು ಜೆಸಿಬಿ ಮೇಲೆತ್ತಿ ಒಡ್ಡಿನ ಮೇಲೆ ಹಾಕಿದ ಕ್ಷಣದಿಂದ ಲೆಕ್ಕ ಬದಲಾಗುತ್ತದೆ. ಗಾಳಿಯ ಆಮ್ಲಜನಕ ಮತ್ತು ತೇವ ಸೇರಿ ಪೈರೈಟನ್ನು ಒಡೆಯುತ್ತವೆ, ಹುಟ್ಟುವುದು ಗಂಧಕಾಮ್ಲ. ಹೌದು, ಬ್ಯಾಟರಿಯಲ್ಲಿರುವ ಅದೇ ಆಸಿಡ್. ಒಂದು ಟನ್ ಪೈರೈಟ್ ಪೂರ್ತಿ ಒಡೆದರೆ ಸುಮಾರು 1.6 ಟನ್ ಗಂಧಕಾಮ್ಲ ಬರುತ್ತದೆ. ಕೊಟ್ಟದ್ದಕ್ಕಿಂತ ಹೆಚ್ಚು ಹೇಗೆ ಬಂತು ಎಂದು ಕೇಳಬೇಡಿ, ಗಾಳಿಯೂ ನೀರೂ ತಮ್ಮ ಪಾಲು ಸೇರಿಸಿವೆ.

ನಿಮ್ಮ ಬಿರುಕಿನ ಅರಿಶಿನದ ಹೆಸರು ಜ್ಯಾರೊಸೈಟ್. ಪೈರೈಟ್ ಒಡೆದಾಗ ಹೊರಬಂದ ಕಬ್ಬಿಣ, ಸಲ್ಫೇಟ್ ಮತ್ತು ಜೇಡಿಯ ಪೊಟ್ಯಾಶಿಯಂ ಸೇರಿ ಆಗುವ ಹಳದಿ ಖನಿಜ ಅದು. ಬಹಳ ಹುಳಿಯಾದ ಮಣ್ಣಿನಲ್ಲಿ, ಪಿಎಚ್ 4ಕ್ಕಿಂತ ಕೆಳಗಿಳಿದಾಗ ಮಾತ್ರ ಹುಟ್ಟುತ್ತದೆ. ಹಳೆಯ ಬೇರಿನ ಕೊಳವೆಗಳಲ್ಲಿ, ಹೆಂಟೆಯ ಸೀಳುಗಳಲ್ಲಿ ಮೊದಲು ಕಾಣುತ್ತದೆ. ಡಚ್ಚರು ಇಂಥ ಮಣ್ಣನ್ನು ಬೆಕ್ಕಿನ ಜೇಡಿ ಎಂದು ಕರೆದರು. ತುಕ್ಕಿನ ಹಳದಿಯೂ ಕರಾವಳಿಯಲ್ಲಿ ಸಾಮಾನ್ಯ, ಆದರೆ ಅದು ಕೆಂಪಿಗೆ ತಿರುಗಿದ ಬಣ್ಣ. ಜ್ಯಾರೊಸೈಟ್ ತಿಳಿ ಹಳದಿ, ಒಣ ಹುಲ್ಲಿನಿಂದ ಬೆಣ್ಣೆಯವರೆಗಿನ ಬಣ್ಣ.

ಇನ್ನು ಕನ್ನಡಿಯಂಥ ನೀರು. ಮಳೆಗಾಲದಲ್ಲಿ ಬಾವಿಯ ಕೆಂಪು ನೀರನ್ನು ತಿಳಿ ಮಾಡಲು ಕೊಡಪಾನದೊಳಗೆ ಪಟಿಕ ಆಡಿಸುತ್ತಿದ್ದದ್ದು ನೆನಪಿದೆಯೇ? ಪಟಿಕದಲ್ಲಿರುವುದು ಅಲ್ಯೂಮಿನಿಯಂ ಸಲ್ಫೇಟ್. ನಿಮ್ಮ ಒಡ್ಡಿನಲ್ಲಿ ಹುಟ್ಟಿದ ಆಮ್ಲ ಜೇಡಿಯನ್ನೇ ಕರಗಿಸಿ ಅದರೊಳಗಿನ ಅಲ್ಯೂಮಿನಿಯಂ ಹೊರತಂದಿದೆ. ಮೊದಲ ಮಳೆ ಅದನ್ನು ತೊಳೆದು ಹೊಂಡಕ್ಕೆ ಇಳಿಸಿತು, ನೀರಿನಲ್ಲಿದ್ದ ಕೆಸರೆಲ್ಲ ಹೆಪ್ಪುಗಟ್ಟಿ ತಳ ಸೇರಿತು. ಗಜನಿಯ ನೀರು ಯಾವತ್ತೂ ಸ್ವಲ್ಪ ಕದಡಿರಬೇಕು. ಹಾಗಿಲ್ಲದೆ ನೀಲಿ ಹಸಿರಾಗಿ ಹೊಳೆದರೆ ಸಂತೋಷಪಡಬೇಡಿ. ಅದೇ ಅಲ್ಯೂಮಿನಿಯಂ ಮೀನಿನ ಕಿವಿರಿಗೆ ಅಂಟಿ ಉಸಿರು ಕಟ್ಟಿಸುತ್ತದೆ. ಆಮ್ಲದಿಂದ ಅರ್ಧ ಸಾವು, ಅದರಿಂದ ಇನ್ನರ್ಧ. ಬೇಸಿಗೆಯಿಡೀ ಒಡ್ಡಿನಲ್ಲಿ ಕೂಡಿಟ್ಟ ಆಮ್ಲವೆಲ್ಲ ಮೊದಲ ಮಳೆಗೇ ಇಳಿಯುವುದರಿಂದ ಜೂನ್‌ನಲ್ಲೇ ಮೀನು ಸಾಯುತ್ತದೆ. ಆಸ್ಟ್ರೇಲಿಯಾದ ಟ್ವೀಡ್ ನದಿಯಲ್ಲಿ 1987ರಲ್ಲಿ ಹೀಗೆಯೇ ಬಸಿದ ತಗ್ಗು ನೆಲದಿಂದ ಮಳೆಗೆ ಇಳಿದ ಆಮ್ಲಕ್ಕೆ 23 ಕಿಲೋಮೀಟರ್ ಉದ್ದ ಜಲಜೀವಿಗಳು ನಾಶವಾದವು. ಅಲ್ಲಿನ ಸರ್ಕಾರಗಳು ಈ ಮಣ್ಣನ್ನು ಗಂಭೀರವಾಗಿ ತೆಗೆದುಕೊಂಡದ್ದು ಅದರ ನಂತರ.

ಜಿಪ್ಸಂ ಯಾಕೆ ಕೆಲಸ ಮಾಡಲಿಲ್ಲ ಎಂಬುದೂ ಇಲ್ಲೇ ತಿಳಿಯುತ್ತದೆ. ಜಿಪ್ಸಂ ಎಂದರೆ ಕ್ಯಾಲ್ಸಿಯಂ ಸಲ್ಫೇಟ್. ಸೋಡಿಯಂ ಹಿಡಿದು ಗಟ್ಟಿಯಾದ ಕ್ಷಾರ ಮಣ್ಣಿಗೆ ಅದು ಮದ್ದು. ಹುಳಿಯನ್ನು ಕೊಲ್ಲುವ ಶಕ್ತಿ ಅದಕ್ಕೆ ಇಲ್ಲ. ಹೆಸರಿನಲ್ಲಿ ಕ್ಯಾಲ್ಸಿಯಂ ಇದೆ ಎಂದು ಸುಣ್ಣದ ಬದಲಿಗೆ ಹಾಕಿಸುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಮಣ್ಣಿನ ಕಾರ್ಡಿನ ಮೇಲೆ ಸಿಟ್ಟಾಗಬೇಡಿ. ಅದಕ್ಕೆ ಮಣ್ಣು ತೆಗೆಯುವುದು ಮೇಲಿನ 15 ಸೆಂಟಿಮೀಟರ್‌ನಿಂದ, ನಿಮ್ಮ ತೊಂದರೆ ಇದ್ದದ್ದು ಮೂರಡಿ ಕೆಳಗೆ.

ಹಾಗಾದರೆ ಖಚಿತ ಮಾಡಿಕೊಳ್ಳುವುದು ಹೇಗೆ? ಹೊಂಡದ ಮೂಲೆಗೆ ಹೋಗಿ, ನೀರಿನ ಮೇಲೆ ಎಣ್ಣೆಯಂಥ ಬಣ್ಣಬಣ್ಣದ ಪದರವಿದ್ದರೆ ಕಡ್ಡಿಯಿಂದ ಚುಚ್ಚಿ. ಡೀಸೆಲ್ ಆಗಿದ್ದರೆ ಮತ್ತೆ ಕೂಡಿಕೊಳ್ಳುತ್ತದೆ. ಕಬ್ಬಿಣದ ಬ್ಯಾಕ್ಟೀರಿಯಾದ ಪೊರೆಯಾಗಿದ್ದರೆ ಗಾಜು ಒಡೆದಂತೆ ಚೂರುಚೂರಾಗಿ ಹಾಗೇ ನಿಲ್ಲುತ್ತದೆ. ಇದು ನೀರಿನಲ್ಲಿ ಕರಗಿದ ಕಬ್ಬಿಣವಿದೆ ಎಂದಷ್ಟೇ ಹೇಳುತ್ತದೆ, ಆಮ್ಲದ ಪುರಾವೆಯಲ್ಲ. ಪುರಾವೆ ಬೇಕೆಂದರೆ ಒಡ್ಡಿನ ಮಣ್ಣನ್ನು ಡಿಸ್ಟಿಲ್ಡ್ ನೀರಿನಲ್ಲಿ ಕಲಸಿ ಪಿಎಚ್ ಅಳೆಯಿರಿ. ಇನ್ವರ್ಟರ್‌ಗೆ ಹಾಕುವ ಡಿಸ್ಟಿಲ್ಡ್ ವಾಟರ್ ಸಾಕು, ಪಕ್ಕದ ಆಸಿಡ್ ಬಾಟಲಿ ತಂದುಬಿಡಬೇಡಿ. ಪಿಎಚ್ 4 ಅಥವಾ ಅದಕ್ಕಿಂತ ಕಡಿಮೆ ಬಂದರೆ ಆ ಮಣ್ಣು ಈಗಾಗಲೇ ಆಮ್ಲ ಬಿಡುತ್ತಿದೆ. ಬರೀ ಉಪ್ಪಿನ ಮಣ್ಣು ಇಷ್ಟು ಕೆಳಗೆ ಇಳಿಯುವುದಿಲ್ಲ.

ಎರಡನೇ ಹೊಂಡದ ಜಾಗದಲ್ಲಿ ಈ ಅಳತೆ ಸಾಲದು. ಅಲ್ಲಿ ಪೈರೈಟ್ ಇನ್ನೂ ಮಲಗಿದೆ, ಪಿಎಚ್ 7 ತೋರಿಸಿ ಮೋಸ ಮಾಡುತ್ತದೆ. ಅದನ್ನು ಎಬ್ಬಿಸಿಯೇ ನೋಡಬೇಕು. ಪ್ರಯೋಗಾಲಯದಲ್ಲಿ ಸಾಂದ್ರ ಹೈಡ್ರೋಜನ್ ಪೆರಾಕ್ಸೈಡ್ ಹಾಕಿ ನಿಮಿಷಗಳಲ್ಲಿ ಎಬ್ಬಿಸುತ್ತಾರೆ. ಮಣ್ಣು ಕುದಿದು ಹೊಗೆಯಾಡಿ, ಕೊನೆಯ ಪಿಎಚ್ 3ಕ್ಕಿಂತ ಕೆಳಗಿಳಿದರೆ ಪೈರೈಟ್ ಇದೆ ಎಂಬ ಅನುಮಾನ ಬಲವಾಗುತ್ತದೆ. ಶೇ 30ರ ಪೆರಾಕ್ಸೈಡ್ ಚರ್ಮ ಸುಡುತ್ತದೆ, ಕಣ್ಣು ಕಳೆಯುತ್ತದೆ. ಆದ್ದರಿಂದ ಅದನ್ನು ಮನೆಯಲ್ಲಿ ಮಾಡಬೇಡಿ. ಬರೀ ನೊರೆ ಉಕ್ಕಿದ್ದನ್ನು ನಂಬಲೂಬೇಡಿ. ಕೊಳೆತ ಎಲೆ ಮತ್ತು ಮ್ಯಾಂಗನೀಸ್ ಕೂಡ ಪೆರಾಕ್ಸೈಡನ್ನು ಉಕ್ಕಿಸುತ್ತವೆ.

ನಿಮ್ಮ ಕೈಯಲ್ಲಾಗುವ ಪರೀಕ್ಷೆ ನಿಧಾನದ್ದು. ಹೊಂಡದ ಜಾಗದಲ್ಲಿ ಅಗರ್ ಅಥವಾ ಉದ್ದ ಪಿವಿಸಿ ಪೈಪು ಒತ್ತಿ, ನೀವು ಅಗೆಯಬೇಕೆಂದಿರುವ ಆಳಕ್ಕಿಂತ ಎರಡು ಮೂರಡಿ ಹೆಚ್ಚು ಕೆಳಗಿನವರೆಗೆ ಮಣ್ಣು ತೆಗೆಯಿರಿ. ಪ್ರತಿ 25 ಸೆಂಟಿಮೀಟರ್‌ಗೆ ಒಂದು ತುಂಡು. ಬೆರಳಿಗೆ ಬೆಣ್ಣೆಯಂತೆ ಹಿಚುಕಿ ಹೊರಬರುವ ಬೂದು ನೀಲಿ ಕೆಸರು ಯಾವ ಆಳದಲ್ಲಿ ಶುರುವಾಯಿತು ಎಂದು ಬರೆದಿಡಿ, ಚಿಪ್ಪು ಕಂಡರೆ ಅದನ್ನೂ ಬರೆಯಿರಿ. ಪ್ರತಿ ತುಂಡಿನಿಂದ ಒಂದು ಸೆಂಟಿಮೀಟರ್ ದಪ್ಪದ ಬಿಲ್ಲೆ ಮಾಡಿ ತಟ್ಟೆಯಲ್ಲಿಟ್ಟು, ಮೇಲೆ ತೂತು ಮಾಡಿದ ತೆಳು ಪ್ಲಾಸ್ಟಿಕ್ ಹೊದಿಸಿ. ಒಣಗಬಾರದು, ನೀರಿನಲ್ಲಿ ಮುಳುಗಲೂಬಾರದು. ಇಡ್ಲಿ ಬಟ್ಟೆಯಷ್ಟು ಒದ್ದೆ ಇರಲಿ. ಮೊದಲ ದಿನದ ಪಿಎಚ್ ಬರೆದಿಟ್ಟು ವಾರಕ್ಕೊಮ್ಮೆ ಅಳೆಯಿರಿ. ಎಂಟು ವಾರದೊಳಗೆ 4ಕ್ಕೆ ಅಥವಾ ಅದಕ್ಕೂ ಕೆಳಗೆ ಇಳಿದ ಪದರವೇ ನಿಮ್ಮ ಶತ್ರು. ಕೆಲವು ಮಣ್ಣು ಇನ್ನೂ ನಿಧಾನ, ಇಳಿಯುತ್ತಲೇ ಇದ್ದರೆ ಇನ್ನೆಂಟು ವಾರ ಬಿಡಿ. ಮೇಲಿನ ಪದರ 7ರಲ್ಲೇ ನಿಂತು, ಎರಡೂವರೆ ಅಡಿಯ ಕೆಳಗಿನದು 3ಕ್ಕೆ ಇಳಿದಿದೆ ಎಂದುಕೊಳ್ಳಿ. ಆಗ ಎರಡಡಿಯೇ ನಿಮ್ಮ ಲಕ್ಷ್ಮಣರೇಖೆ.

ಲ್ಯಾಬಿಗೆ ಕಳಿಸುವುದಾದರೆ ಮಣ್ಣನ್ನು ನೆರಳಲ್ಲಿ ಒಣಗಿಸಿ ಕಾಗದದಲ್ಲಿ ಕಟ್ಟಿ ಕಳಿಸುವ ಮಾಮೂಲಿ ಕ್ರಮ ಬೇಡ. ಒಣಗುವಷ್ಟರಲ್ಲಿ ಪೈರೈಟ್ ಒಡೆದುಹೋಗುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ಹಿಂಡಿ ತೆಗೆದು, ಮೀನಿನ ಪೆಟ್ಟಿಗೆಯಲ್ಲಿ ಐಸ್ ತುಂಬಿ ಅವತ್ತೇ ತಲುಪಿಸಿ. ಗಂಧಕ ಶೇಕಡಾ ಎಷ್ಟು ಎಂದು ಕೇಳಿ, ಸಲ್ಫೈಡ್ ರೂಪದ್ದು ಎಂದು ಒತ್ತಿ ಹೇಳಿ. ಸಮುದ್ರದ ಉಪ್ಪಿನಲ್ಲಿರುವ ಸಲ್ಫೇಟೂ ಗಂಧಕವೇ, ಆದರೆ ಅದು ನಿರಪಾಯ.

ಆ ಅಂಕಿ ಯಾಕೆ ಬೇಕು ಎಂಬುದಕ್ಕೆ ನಿಮ್ಮ ಒಡ್ಡನ್ನೇ ಲೆಕ್ಕ ಹಾಕೋಣ. ಬುಡದಲ್ಲಿ 3 ಮೀಟರ್, ಮೇಲೆ 1 ಮೀಟರ್ ಅಗಲ, 1 ಮೀಟರ್ ಎತ್ತರ ಎಂದಿಟ್ಟುಕೊಂಡರೆ 100 ಮೀಟರ್ ಉದ್ದಕ್ಕೆ 200 ಘನ ಮೀಟರ್ ಮಣ್ಣು. ಇಂಥ ಕೆಸರಿನಲ್ಲಿ ನೀರೇ ಹೆಚ್ಚು. ಒಣ ತೂಕ ಘನ ಮೀಟರಿಗೆ 0.8 ಟನ್ ಎಂದರೆ ಒಟ್ಟು 160 ಟನ್. ಸಲ್ಫೈಡ್ ಗಂಧಕ ಶೇ 1 ಇದ್ದರೆ, ಇದು ಕಾಂಡ್ಲಾ ಕೆಸರಿಗೆ ಅತಿಶಯದ ಅಂಕಿಯಲ್ಲ, ಅದರೊಳಗೆ ಸುಮಾರು 5 ಟನ್ ಗಂಧಕಾಮ್ಲ ಅಡಗಿದೆ. ಅದನ್ನು ಕೊಲ್ಲಲು ಶುದ್ಧ ಸುಣ್ಣದ ಕಲ್ಲಿನ ಪುಡಿ ಟನ್ ಮಣ್ಣಿಗೆ 31 ಕಿಲೋ ಬೇಕು. ಪುಡಿ ಎಲ್ಲ ಕಡೆ ಸಮನಾಗಿ ಬೆರೆಯುವುದಿಲ್ಲ, ಕಾಳುಗಳ ಮೇಲೆ ತುಕ್ಕು ಕಟ್ಟಿ ನಿಷ್ಕ್ರಿಯವಾಗುತ್ತವೆ. ಹಾಗಾಗಿ ಒಂದೂವರೆ ಪಾಲು ಲೆಕ್ಕ ಹಾಕುವುದು ರೂಢಿ, ಅಂದರೆ 47 ಕಿಲೋ. ಒಟ್ಟು ಏಳೂವರೆ ಟನ್, ಬರೀ ನೂರು ಮೀಟರ್ ಒಡ್ಡಿಗೆ. ಹತ್ತು ಗುಂಟೆಯ ಹೊಂಡಕ್ಕೆ ಈ ಖರ್ಚು ಯಾರೂ ಮಾಡುವುದಿಲ್ಲ. ಅಗೆಯದೇ ಇರುವುದು ಎಲ್ಲಕ್ಕಿಂತ ಅಗ್ಗದ ಮದ್ದು ಎಂದು ನಾನು ಹೇಳುವುದು ಈ ಲೆಕ್ಕದ ಮೇಲೆ.

ಕೇರಳದ ಕುಟ್ಟನಾಡಿನವರು ಇದನ್ನು ಲೆಕ್ಕವಿಲ್ಲದೆ ಕಲಿತರು. ಸಮುದ್ರಮಟ್ಟಕ್ಕಿಂತ ಕೆಳಗಿರುವ ಅಲ್ಲಿನ ಗದ್ದೆಗಳಲ್ಲಿ ಪುರಕ್ಕಾಡು, ವೈಕಂ ಕಡೆಯ ಕಪ್ಪು ಮಣ್ಣಿಗೆ ಕರಿ ಎನ್ನುತ್ತಾರೆ. ಅಗೆದರೆ ಹೂತುಹೋದ ಹಳೇ ಕಾಡಿನ ಮರದ ದಿಮ್ಮಿಗಳೇ ಸಿಗುತ್ತವೆ. ಕೇರಳದ ಅತಿ ಹುಳಿಯ ಗದ್ದೆ ಮಣ್ಣು ಇದೇ. ಆದರೂ ಅಲ್ಲಿ ಭತ್ತ ಬೆಳೆಯುತ್ತದೆ, ಹೇಗೆ? ಬೆಳೆಯಿಲ್ಲದ ತಿಂಗಳುಗಳಲ್ಲಿ ಗದ್ದೆಯಲ್ಲಿ ನೀರು ನಿಲ್ಲಿಸುತ್ತಾರೆ. ಬಿತ್ತನೆಗೆ ಮುಂಚೆ ಪೆಟ್ಟಿ ಪರ ಎಂಬ ಪಂಪಿನಿಂದ ನೀರೆತ್ತುತ್ತಾರೆ, ನೀರಿನ ಜೊತೆ ಮೇಲಿನ ಪದರದ ಹುಳಿ ಹೊರಹೋಗುತ್ತದೆ. ಆಮೇಲೆ ಸುಣ್ಣ. ಅಲ್ಲಿ ಶಿಫಾರಸು ಮಾಡುವ ಪ್ರಮಾಣ ಹೆಕ್ಟೇರಿಗೆ 600 ಕಿಲೋ ಆಸುಪಾಸು, ಎರಡು ಕಂತಿನಲ್ಲಿ. ನಮ್ಮ ನೂರು ಮೀಟರ್ ಒಡ್ಡಿಗೆ ಏಳೂವರೆ ಸಾವಿರ ಕಿಲೋ ಬೇಕಾದಾಗ ಇಡೀ ಹೆಕ್ಟೇರಿಗೆ ಆರುನೂರು ಕಿಲೋ ಹೇಗೆ ಸಾಕಾಗುತ್ತದೆ? ಅವರು ಮೇಲಿನ ಬೇರಿನ ಪದರದಲ್ಲಿ ಉಳಿದ ಹುಳಿಯನ್ನಷ್ಟೇ ಸುಣ್ಣದಿಂದ ತಗ್ಗಿಸುತ್ತಾರೆ. ಕೆಳಗಿನ ಪೈರೈಟನ್ನು ಕಾಯುವುದು ನೀರು.

ನಿಮ್ಮ ಅಜ್ಜನ ಕಗ್ಗದ ಪದ್ಧತಿಯೂ ಅದೇ. ಮಳೆಗಾಲಕ್ಕೆ ಸಿಹಿನೀರು, ಆಮೇಲೆ ಉಪ್ಪುನೀರು, ವರ್ಷದ ಹೆಚ್ಚು ಕಾಲ ನೆಲ ಒದ್ದೆ. ಅವರು ಪೈರೈಟಿನ ಹೆಸರು ಕೇಳಿರಲಿಲ್ಲ, ಆದರೆ ಐದಡಿ ತೋಡಿಯೂ ಇರಲಿಲ್ಲ.

ಈಗ ಇರುವ ಹೊಂಡಕ್ಕೆ ಬರೋಣ. ಮೊದಲ ಯೋಚನೆ, ಒಡ್ಡಿನ ಮಣ್ಣನ್ನು ಮತ್ತೆ ನೀರಿಗೆ ತಳ್ಳಿಬಿಡೋಣ ಎಂಬುದು. ಅಗೆದ ವಾರದಲ್ಲೇ ಆಗಿದ್ದರೆ ಅದು ಸರಿಯಾದ ಕೆಲಸ. ಎರಡು ವರ್ಷದ ಮೇಲೆ ಅದರೊಳಗೆ ಆಮ್ಲ ತಯಾರಾಗಿ ಕೂತಿದೆ. ಸುಣ್ಣ ಬೆರೆಸದೆ ತಳ್ಳಿದರೆ ಒಂದೇ ದಿನದಲ್ಲಿ ಹೊಂಡ ಕೆಡುತ್ತದೆ. ಆದ್ದರಿಂದ ಒಡ್ಡು ಇದ್ದಲ್ಲೇ ಇರಲಿ. ಅದರ ಹೊರಮೈಯ 20 ಸೆಂಟಿಮೀಟರ್ ಪದರವನ್ನು ಸಡಿಲಿಸಿ ಸುಣ್ಣದ ಪುಡಿ ಬೆರೆಸಿ, ಮತ್ತೆ ತಟ್ಟಿ ಗಟ್ಟಿ ಮಾಡಿ. ಶೇ 1 ಗಂಧಕದ ಲೆಕ್ಕದಲ್ಲಿ 100 ಮೀಟರಿಗೆ 3 ಟನ್ ಹತ್ತಿರ ಹೋಗುತ್ತದೆ, ನಿಮ್ಮ ಲ್ಯಾಬಿನ ಅಂಕಿ ಕಡಿಮೆಯಿದ್ದರೆ ಅದಕ್ಕೆ ತಕ್ಕಂತೆ ಕಡಿಮೆ. ಅದರ ಮೇಲೆ ಅರ್ಧ ಅಡಿ ಒಳ್ಳೆಯ ಗುಡ್ಡದ ಮಣ್ಣು ಹೊದಿಸಿ ಹುಲ್ಲು ಹಚ್ಚಿ. ಇದು ಶಾಶ್ವತ ಪರಿಹಾರವಲ್ಲ. ಒಳಗಿನ ಪೈರೈಟ್ ಅಲ್ಲೇ ಇರುತ್ತದೆ, ದೊಡ್ಡ ಬಿರುಕು ಬಿಟ್ಟರೆ ಗಾಳಿ ಮತ್ತೆ ಒಳಹೋಗುತ್ತದೆ. ಪ್ರತಿ ಏಪ್ರಿಲ್‌ನಲ್ಲಿ ಬಿರುಕು ನೋಡಿ ಮುಚ್ಚಬೇಕು. ಒಡ್ಡಿನ ಒಳಬುಡದಲ್ಲಿ, ಇಳಿದ ನೀರು ಹೊಂಡ ಸೇರುವ ಮುಂಚೆ ಒಂದು ಸಣ್ಣ ಚರಂಡಿ ಮಾಡಿ ಅದರಲ್ಲಿ ಸುಣ್ಣದ ಪುಡಿ ಹಾಸಿಡುವುದು ಮೊದಲ ಮಳೆಗೆ ಒಳ್ಳೆಯ ಕಾವಲು.

ಸುಣ್ಣದ ಬಗ್ಗೆ ಒಂದು ಎಚ್ಚರಿಕೆ. ನಮ್ಮ ಕಡೆ ಸುಣ್ಣ ಎಂದರೆ ಸುಟ್ಟ ಚಿಪ್ಪಿ ಸುಣ್ಣವೇ ನೆನಪಾಗುತ್ತದೆ. ಅದು ಬೇಗ ಕೆಲಸ ಮಾಡುತ್ತದೆ, ಆದರೆ ನೀರಿನ ಪಿಎಚ್ಚನ್ನು 12ರವರೆಗೆ ಏರಿಸಬಲ್ಲದು. ಹುಳಿಗೆ ಸತ್ತ ಮೀನು ಈ ಸಲ ಕ್ಷಾರಕ್ಕೆ ಸಾಯುತ್ತದೆ. ಸುಡದ ಸುಣ್ಣದ ಕಲ್ಲಿನ ಪುಡಿ, ಅಂದರೆ ಕೃಷಿ ಸುಣ್ಣ, ಎಷ್ಟು ಸುರಿದರೂ 8.3ರ ಆಚೆ ಹೋಗುವುದಿಲ್ಲ. ನುಣ್ಣನೆಯ ಪುಡಿ ಕೊಳ್ಳಿ, ರವೆಯಂಥದ್ದು ವರ್ಷಗಟ್ಟಲೆ ಸುಮ್ಮನೆ ಕೂರುತ್ತದೆ.

ಹೊಂಡದ ತಳಕ್ಕೆ ಉಪ್ಪುನೀರೇ ಸಹಾಯ. ಸಮುದ್ರದ ನೀರಿನಲ್ಲಿ ಸ್ವಲ್ಪ ಬೈಕಾರ್ಬೊನೇಟ್ ಇದೆ, ಬೇಕಾದಷ್ಟು ಸಾರಿ ಪುಕ್ಕಟೆ ಬರುತ್ತದೆ. ಫಿಲಿಪ್ಪೀನ್ಸ್‌ನ ಮೀನು ಹೊಂಡಗಳಲ್ಲಿ ತಳದ ಮೇಲ್ಪದರವನ್ನು ಒಣಗಿಸಿ ಕೆದಕಿ, ಉಪ್ಪುನೀರು ತುಂಬಿ, ಹುಳಿ ಇಳಿದ ನೀರನ್ನು ಹೊರಬಿಟ್ಟು, ನೀರಿನ ಪಿಎಚ್ 5ರ ಮೇಲೆ ನಿಲ್ಲುವವರೆಗೆ ಇದನ್ನೇ ಮರುಕಳಿಸುವ ಪದ್ಧತಿ ಇದೆ. ಒಂದು ಬೇಸಿಗೆ ಹಿಡಿಯುತ್ತದೆ. ಆದರೆ ಹೊರಬಿಟ್ಟ ನೀರು ಎಲ್ಲಿ ಹೋಗುತ್ತದೆ? ನೆರೆಮನೆಯವರ ಗಜನಿಗೆ, ಬಳಚು ಆರಿಸುವವರ ದಂಡೆಗೆ. ಹಾಗಾಗಿ ತೂಬಿನ ಬಾಯಲ್ಲಿ ಪಿಎಚ್ ಕಾಗದ ಅದ್ದಿ ನೋಡದೆ, 6ಕ್ಕೆ ತರದೆ ಹಲಗೆ ಎತ್ತಬೇಡಿ. ಎತ್ತುವುದಾದರೂ ದೊಡ್ಡ ಅಮಾವಾಸ್ಯೆ, ಹುಣ್ಣಿಮೆಯ ಭರತದ ದಿನಗಳಲ್ಲಿ ಸ್ವಲ್ಪಸ್ವಲ್ಪವಾಗಿ.

ಆಸ್ಟ್ರೇಲಿಯಾದ ಕೇರ್ನ್ಸ್ ಹತ್ತಿರದ ಈಸ್ಟ್ ಟ್ರಿನಿಟಿಯಲ್ಲಿ ಇದೇ ಕೆಲಸ ದೊಡ್ಡ ಮಟ್ಟದಲ್ಲಿ ನಡೆಯಿತು. 1970ರ ದಶಕದಲ್ಲಿ ಕಬ್ಬು ಬೆಳೆಯಲು ಕಡಲ ಒಡ್ಡು ಕಟ್ಟಿ ಕಾಂಡ್ಲಾ ನೆಲ ಬಸಿದರು. ಕಬ್ಬು ನೆಲೆ ನಿಲ್ಲಲಿಲ್ಲ, ಹಳ್ಳಗಳು ವರ್ಷಗಟ್ಟಲೆ ಆಮ್ಲ ಹರಿಸಿದವು. ಸರ್ಕಾರ 2000ದಲ್ಲಿ ಆ ನೆಲ ಕೊಂಡು, ತೂಬುಗಳನ್ನು ಹಂತ ಹಂತವಾಗಿ ತೆರೆದು ಭರತದ ನೀರನ್ನು ಒಳಬಿಟ್ಟಿತು, ಬರುವ ನೀರಿಗೆ ಸುಣ್ಣ ಬೆರೆಸಿತು. ಮೀನು ಮರಳಿತು, ಕಾಂಡ್ಲಾ ಚಿಗುರಿತು. ಕಬ್ಬಿನ ಹೊಲ ಮಾತ್ರ ಮತ್ತೆ ಬರಲಿಲ್ಲ, ಯಾರೂ ಅದನ್ನು ಕೇಳಲೂ ಇಲ್ಲ.

ಎರಡನೇ ಹೊಂಡ ಬೇಕೇ ಬೇಕೆಂದರೆ ಕೆಳಕ್ಕೆ ತೋಡುವ ಬದಲು ಮೇಲಿನ ನಿರಪಾಯ ಮಣ್ಣಿನಿಂದ ಒಡ್ಡು ಎತ್ತರಿಸಿ, ಮೇಲೆ ನೀರು ನಿಲ್ಲಿಸಿ. ಬಸಿಗಾಲುವೆ ಅಗಲವಾಗಿರಲಿ, ಆಳ ಬೇಡ. ತೂಬಿನ ಹಲಗೆಯನ್ನು ಬೇಸಿಗೆಯಲ್ಲಿ ಪೂರ್ತಿ ತೆಗೆಯದೆ, ಬೂದು ನೀಲಿ ಪದರದ ಮೇಲೆ ಯಾವಾಗಲೂ ಒಂದು ಗೇಣು ನೀರು ಇರುವಂತೆ ಇಡಿ. ಕಾಲುವೆಯ ಕಪ್ಪು ಲೋಳೆ ಎತ್ತುವ ಕೆಲಸ ಮೇ ಕೊನೆಗೆ ಬೇಡ, ಕದಡಿದರೆ ಅದು ನೀರಿನ ಆಮ್ಲಜನಕವನ್ನೇ ನುಂಗುತ್ತದೆ.

ಬಿಲ್ಲೆಗಳನ್ನು ಇವತ್ತೇ ತಟ್ಟೆಯಲ್ಲಿಡಿ. ಎಂಟು ವಾರ ಕಳೆದು ಪಿಎಚ್ ಓದುವವರೆಗೆ ಜೆಸಿಬಿಯವರಿಗೆ ಮುಂಗಡ ಕೊಡಬೇಡಿ.